ಯೂಟ್ಯೂಬ್ ಓಡುತ್ತದೆ, ಗೇಮ್ ಮಾತ್ರ ಏಕೆ ಓಡುವುದಿಲ್ಲ?

ರಾತ್ರಿ ಊಟ ಮುಗಿಸಿ ಹಾಸ್ಟೆಲ್ ರೂಮಿಗೆ ಬಂದು, ವೈಫೈ ಪುಟದಲ್ಲಿ ಯುಎಸ್ಎನ್ ಮತ್ತು ಪಾಸ್‌ವರ್ಡ್ ಒತ್ತಿ, ವ್ಯಾಲರಂಟ್ ತೆರೆದು ಕೂತರೆ ಮ್ಯಾಚ್ ಲೋಡ್ ಆಗುವಲ್ಲೇ ಎಲ್ಲ ನಿಂತುಬಿಡುತ್ತದೆ. ಆಮೇಲೆ ಪಕ್ಕದ ರೂಮಿನವರಿಂದ ಹಿಡಿದು ಸೀನಿಯರ್‌ಗಳವರೆಗೆ ಎಲ್ಲರೂ ಒಂದೊಂದು ಕಾರಣ ಹೇಳುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ತಪ್ಪು.

ತಪ್ಪು ಕಲ್ಪನೆ: ಲಾಗಿನ್ ಆಗಿದೆ, ಯೂಟ್ಯೂಬ್ ಬರುತ್ತಿದೆ. ಹಾಗಾದರೆ ಗೇಮ್ ಸರ್ವರೇ ಡೌನ್.

ವಾಸ್ತವ: ಲಾಗಿನ್ ಆದರೆ ಸಿಗುವುದು ಇಡೀ ಇಂಟರ್ನೆಟ್ ಅಲ್ಲ, ಕಾಲೇಜಿನ ಫೈರ್‌ವಾಲ್ ವಿದ್ಯಾರ್ಥಿಗಳಿಗೆಂದು ಬಿಟ್ಟಿರುವಷ್ಟು ಮಾತ್ರ. ಅನೇಕ ಕಡೆ ಟಿಸಿಪಿ 80 ಮತ್ತು 443 ಎಂಬ ಎರಡು ಪೋರ್ಟ್‌ಗಳನ್ನು ತೆರೆದು ಉಳಿದವನ್ನೆಲ್ಲ ಮುಚ್ಚಿರುತ್ತಾರೆ. ಬ್ರೌಸರ್‌ನಲ್ಲಿ ನೋಡುವ ಹೆಚ್ಚುಕಡಿಮೆ ಎಲ್ಲವೂ ಆ ಎರಡರಲ್ಲೇ ಓಡುತ್ತದೆ. ಕ್ರೋಮ್‌ನಲ್ಲಿ ಯೂಟ್ಯೂಬ್ ಮೊದಲು ಯುಡಿಪಿ 443ರಲ್ಲಿ ಹೋಗಲು ನೋಡುತ್ತದೆ. ಅಲ್ಲಿ ದಾರಿ ಸಿಗದಿದ್ದರೆ ಸದ್ದಿಲ್ಲದೆ ಟಿಸಿಪಿಗೆ ಹೊರಳುತ್ತದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಗೇಮ್‌ಗೆ ಹೀಗೆ ಹೊರಳುವ ಅನುಕೂಲ ಇಲ್ಲ. ಗುಂಡು ಹಾರಿದ ಸುದ್ದಿ ತಡವಾಗಿ ಬಂದರೆ ಪ್ರಯೋಜನವಿಲ್ಲ. ಹಾಗಾಗಿ, ಕಳೆದುಹೋದ ಪ್ಯಾಕೆಟ್‌ಗಾಗಿ ಕಾಯುತ್ತ ಕೂರದ ಯುಡಿಪಿಯನ್ನೇ ಅದು ಬಳಸುತ್ತದೆ.

ವ್ಯಾಲರಂಟ್ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಖಾತೆಯ ಲಾಗಿನ್, ಅಂಗಡಿ, ಮ್ಯಾಚ್ ಹುಡುಕುವುದು, ಏಜೆಂಟ್ ಆರಿಸುವುದು, ಇವೆಲ್ಲ 443ರ ಮೂಲಕ ನಡೆಯುತ್ತವೆ. ಆದ್ದರಿಂದ ಅಲ್ಲಿಯವರೆಗೆ ಅಡ್ಡಿಯೇ ಕಾಣುವುದಿಲ್ಲ. ಗೆಳೆಯರ ಪಟ್ಟಿ ಮತ್ತು ಚಾಟ್‌ಗೆ ಟಿಸಿಪಿ 5223 ಬೇಕು. ಪಟ್ಟಿ ಖಾಲಿಯಾಗಿ ಕಂಡರೆ ಮೊದಲು ಅದನ್ನೇ ಅನುಮಾನಿಸಬೇಕು. ಏಜೆಂಟ್ ಲಾಕ್ ಮಾಡಿ, ಮ್ಯಾಪ್‌ನ ಚಿತ್ರ ಬಂದು, ಅಲ್ಲಿಂದ ಮುಂದೆ ಹೋಗದೆ ಕೊನೆಗೆ ಸಂಪರ್ಕ ಕಡಿದರೆ, ಯುಡಿಪಿ 7000ರಿಂದ 7500ರವರೆಗಿನ ಪೋರ್ಟ್‌ಗಳು ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಆಟ ನಿಜವಾಗಿ ನಡೆಯುವುದು ಅವುಗಳ ಮೇಲೆ. ಇಲ್ಲಿ ಇನ್ನೊಂದು ಕಿರಿಕಿರಿಯೂ ಇದೆ. ಸರ್ವರ್ ಲೆಕ್ಕದಲ್ಲಿ ನೀವು ಮ್ಯಾಚ್‌ಗೆ ಸೇರಿ ಬಿಟ್ಟುಹೋದವರು. ಇದು ಪದೇ ಪದೇ ಆದರೆ ಶಿಕ್ಷೆಯೂ ಬೀಳುತ್ತದೆ. ಆದ್ದರಿಂದ ಪ್ರಯೋಗ ಮಾಡುವುದಿದ್ದರೆ ರ‍್ಯಾಂಕ್ಡ್ ಮ್ಯಾಚ್‌ನಲ್ಲಿ ಮಾಡಬೇಡಿ, ಪ್ರಾಕ್ಟೀಸ್ ರೇಂಜ್ ಸಾಕು.

ತಪ್ಪು ಕಲ್ಪನೆ: ಒಮ್ಮೆ ಲಾಗಿನ್ ಆದರೆ ಮುಗಿಯಿತು.

ವಾಸ್ತವ: ಲಾಗಿನ್‌ಗೆ ಅವಧಿ ಇರುತ್ತದೆ. ಕೆಲವು ಕಾಲೇಜುಗಳಲ್ಲಿ ಲಾಗಿನ್ ಆದ ಟ್ಯಾಬ್ ತೆರೆದೇ ಇರಬೇಕು. ಅದು ಆಗಾಗ ಫೈರ್‌ವಾಲ್‌ಗೆ 'ಇನ್ನೂ ಇದ್ದೇನೆ' ಎಂದು ತಿಳಿಸುತ್ತಿರುತ್ತದೆ. ಗೇಮ್ ಸ್ಪೀಡ್ ಆಗಲಿ ಎಂದು ಬ್ರೌಸರ್ ಮುಚ್ಚಿದಿರೋ, ಸ್ವಲ್ಪ ಹೊತ್ತಿಗೆ ಮ್ಯಾಚ್ ನಡುವೆಯೇ ಹೊರಗೆ. ಒಂದು ಖಾತೆಗೆ ಇಷ್ಟೇ ಸಾಧನ ಎಂಬ ಮಿತಿ ಇದ್ದರೆ, ಫೋನಿನಲ್ಲಿ ಲಾಗಿನ್ ಆದ ಕೂಡಲೇ ಲ್ಯಾಪ್‌ಟಾಪ್ ಕಳಚಿಕೊಳ್ಳಬಹುದು. ಪ್ರತಿ ಸಲ ಸರಿಸುಮಾರು ಒಂದೇ ಅಂತರಕ್ಕೆ ಸಂಪರ್ಕ ಕಡಿಯುತ್ತಿದ್ದರೆ ಪೋರ್ಟ್ ವಿಷಯ ಬಿಟ್ಟು ಇದನ್ನು ನೋಡಿ.

ಲಾಗಿನ್ ಪುಟವೇ ಬಾರದಿರುವ ತೊಂದರೆ ಬೇರೆ. ಸಾಮಾನ್ಯವಾಗಿ ಫೈರ್‌ವಾಲ್, ಗೂಢಲಿಪಿಯಿಲ್ಲದ ಹಳೆಯ ಬಗೆಯ ವೆಬ್ ಕೋರಿಕೆಯನ್ನು ತಡೆದು ಅದರ ಜಾಗದಲ್ಲಿ ತನ್ನ ಪುಟ ತೋರಿಸುತ್ತದೆ. ಇವತ್ತಿನ ಬಹುತೇಕ ತಾಣಗಳು ಗೂಢಲಿಪಿಯಲ್ಲೇ ತೆರೆದುಕೊಳ್ಳುವುದರಿಂದ ಹಾಗೆ ತಡೆದರೆ ಬ್ರೌಸರ್ ಪ್ರಮಾಣಪತ್ರದ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಗೇಮ್ ಲಾಂಚರ್‌ಗಂತೂ ಆ ಪುಟ ತೋರಿಸಲು ಜಾಗವೇ ಇಲ್ಲ. ಅದು ಬರೀ 'ಕನೆಕ್ಷನ್ ಎರರ್' ಎನ್ನುತ್ತದೆ. ಆಗ ಬ್ರೌಸರ್‌ನಲ್ಲಿ ಇದನ್ನು ಹೊಡೆಯಿರಿ:

```
http://neverssl.com
```

ಸಾಮಾನ್ಯವಾಗಿ ಲಾಗಿನ್ ಪುಟ ಬರುತ್ತದೆ. ಆಗಲೂ ಬಾರದಿದ್ದರೆ ನೀವೇ ಹಾಕಿಕೊಂಡ ಡಿಎನ್‌ಎಸ್ ಸೆಟ್ಟಿಂಗ್ ತೆಗೆದು ನೋಡಿ.

ತಪ್ಪು ಕಲ್ಪನೆ: ಡಿಎನ್‌ಎಸ್ ಬದಲಾಯಿಸಿ, ವಿಂಡೋಸ್ ಫೈರ್‌ವಾಲ್ ಆಫ್ ಮಾಡಿದರೆ ಸರಿಹೋಗುತ್ತದೆ.

ವಾಸ್ತವ: ಡಿಎನ್‌ಎಸ್ ಹೇಳುವುದು ಸರ್ವರ್‌ನ ವಿಳಾಸ ಮಾತ್ರ. ವಿಳಾಸ ಗೊತ್ತಾದ ಮಾತ್ರಕ್ಕೆ ಮುಚ್ಚಿದ ಗೇಟು ತೆರೆಯುವುದಿಲ್ಲ. ವಿಂಡೋಸ್ ಫೈರ್‌ವಾಲ್ ಇರುವುದು ನಿಮ್ಮ ಲ್ಯಾಪ್‌ಟಾಪ್‌ನೊಳಗೆ, ತಡೆ ಇರುವುದು ಕಾಲೇಜಿನ ಸರ್ವರ್ ರೂಮಿನಲ್ಲಿ. ವಿಂಡೋಸ್ ಫೈರ್‌ವಾಲ್ ಆಫ್ ಮಾಡಿದರೆ ನೂರಾರು ಜನರಿರುವ ಜಾಲದಲ್ಲಿ ನಿಮ್ಮ ಲ್ಯಾಪ್‌ಟಾಪ್ ಬಯಲಿಗೆ ಬೀಳುತ್ತದೆ, ಅಷ್ಟೇ ಲಾಭ. 'ಪೋರ್ಟ್ ಫಾರ್ವರ್ಡಿಂಗ್ ಮಾಡು' ಎಂಬ ಸಲಹೆಯೂ ಇಲ್ಲಿಗೆ ಹೊಂದುವುದಿಲ್ಲ. ಅದು ನಿಮ್ಮ ರೂಮಿನಲ್ಲೇ ಸರ್ವರ್ ನಡೆಸುವಾಗ, ಹೊರಗಿನವರು ಒಳಗೆ ಬರಲು ಬೇಕಾದದ್ದು. ವ್ಯಾಲರಂಟ್ ಆಡಲು ಒಳಗಿನಿಂದ ಹೊರಗೆ ಹೋಗಲು ಬಿಟ್ಟರೆ ಸಾಕು, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ.

ತಪ್ಪು ಕಲ್ಪನೆ: ಸ್ಪೀಡ್ ಟೆಸ್ಟ್‌ನಲ್ಲಿ 80 ಎಂಬಿಪಿಎಸ್ ಬಂತು, ಪಿಂಗ್ ಕೂಡ ಚೆನ್ನಾಗಿದೆ, ನೆಟ್‌ವರ್ಕ್‌ನಲ್ಲಿ ದೋಷ ಇಲ್ಲ.

ವಾಸ್ತವ: ಬ್ರೌಸರ್‌ನ ಸ್ಪೀಡ್ ಟೆಸ್ಟ್ ವೆಬ್ಬಿನ ದಾರಿಯನ್ನಷ್ಟೇ ಅಳೆಯುತ್ತದೆ. ಪಿಂಗ್ ಆದೇಶ ಐಸಿಎಂಪಿ ಎಂಬ ಬೇರೆಯದೇ ಬಗೆಯ ಪ್ಯಾಕೆಟ್ ಕಳಿಸುತ್ತದೆ. ಅದಕ್ಕೆ ಪೋರ್ಟ್ ಎಂಬುದೇ ಇಲ್ಲ. ಎರಡೂ ಚೆನ್ನಾಗಿದ್ದೂ ಆಟದ ಯುಡಿಪಿ ಪೂರ್ತಿ ಬಂದ್ ಆಗಿರಬಹುದು.

ಸರಿಯಾದ ಪರೀಕ್ಷೆಗೆ ಫೋನಿನ ಹಾಟ್‌ಸ್ಪಾಟ್ ಬೇಕು. ಅಪ್‌ಡೇಟ್ ಯಾವುದೂ ಬಾಕಿ ಇಲ್ಲದಾಗ ಮಾಡಿ, ಇಲ್ಲದಿದ್ದರೆ ದಿನದ ಡೇಟಾ ಅಲ್ಲೇ ಮುಗಿದೀತು. ಅದೇ ಲ್ಯಾಪ್‌ಟಾಪ್, ಅದೇ ಖಾತೆ. ಹಾಟ್‌ಸ್ಪಾಟ್‌ನಲ್ಲಿ ಆಟ ತೆರೆದುಕೊಂಡು ಹಾಸ್ಟೆಲ್ ವೈಫೈಯಲ್ಲಿ ತೆರೆಯದಿದ್ದರೆ ಗೇಮ್ ಸರ್ವರ್‌ನ ಮೇಲಿನ ಆರೋಪ ಬಿದ್ದುಹೋಯಿತು. ಬಳಿಕ ವೈಫೈಗೆ ಮರಳಿ, ಪವರ್‌ಶೆಲ್‌ನಲ್ಲಿ ಹೀಗೆ ಕೇಳಿ:

```
Test-NetConnection portquiz.net -Port 443
Test-NetConnection portquiz.net -Port 5223
```

portquiz.net ಯಾವ ಟಿಸಿಪಿ ಪೋರ್ಟ್‌ಗೆ ಬಂದರೂ ಉತ್ತರಿಸಲೆಂದೇ ಇಟ್ಟಿರುವ ತಾಣ. 443ಕ್ಕೆ `TcpTestSucceeded : True`, 5223ಕ್ಕೆ `False` ಎಂದು ಬಂದರೆ, ತಡೆ ಪೋರ್ಟ್ ಮಟ್ಟದಲ್ಲಿ ಇದೆ ಎಂದಾಯಿತು. ಈ ಆದೇಶ ಯುಡಿಪಿಯನ್ನು ಪರೀಕ್ಷಿಸುವುದಿಲ್ಲ ಎಂಬುದು ನೆನಪಿರಲಿ. ಎರಡಕ್ಕೂ `True` ಬಂದು ಮ್ಯಾಚ್ ಮಾತ್ರ ಲೋಡ್ ಆಗದಿದ್ದರೆ ಬೆರಳು ಯುಡಿಪಿಯ ಕಡೆಗೇ ತೋರಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ವಿಪಿಎನ್ ಹಾಕಿದರೆ ಎಲ್ಲ ದಾಟುತ್ತದೆ.

ವಾಸ್ತವ: ಯುಡಿಪಿ ಮುಚ್ಚಿರುವಲ್ಲಿ ವೈರ್‌ಗಾರ್ಡ್‌ನಂಥ ಯುಡಿಪಿ ವಿಪಿಎನ್ ಕೂಡ ಮೇಲೇಳುವುದಿಲ್ಲ. ಟಿಸಿಪಿ 443ರಲ್ಲಿ ನುಸುಳುವಂಥದ್ದು ಸಿಕ್ಕರೂ ಆಟದ ಪ್ಯಾಕೆಟ್‌ಗಳು ಟಿಸಿಪಿಯೊಳಗೆ ಕೂತು ಸಾಗಬೇಕು. ಒಂದು ಕಳೆದರೆ ಅದರ ಹಿಂದೆ ಬರುವವೆಲ್ಲ ಅದಕ್ಕಾಗಿ ಕಾಯುತ್ತವೆ. ಎದುರಾಳಿ ಹೆಪ್ಪುಗಟ್ಟಿದಂತೆ ನಿಂತು ಆಮೇಲೆ ಒಮ್ಮೆಲೇ ಜಿಗಿಯುವುದು ಇದರಿಂದಲೇ. ಜೊತೆಗೆ ಹಾಸ್ಟೆಲ್ ನಿಯಮದಲ್ಲಿ ವಿಪಿಎನ್ ನಿಷೇಧವಿದ್ದರೆ ಖಾತೆಯನ್ನೇ ಬಂದ್ ಮಾಡಬಹುದು. ಆಗ ಅಸೈನ್‌ಮೆಂಟ್‌ಗೂ ವೈಫೈ ಇಲ್ಲ.

ಉಳಿದಿರುವುದು ಕೇಳುವ ದಾರಿ. 'ಸರ್, ನೆಟ್ ಸರಿ ಇಲ್ಲ' ಎಂದು ಬರೆದರೆ ನೆಟ್‌ವರ್ಕ್ ವಿಭಾಗದವರು ರೂಮಿನ ಸಿಗ್ನಲ್ ನೋಡಿ ಹೋಗುತ್ತಾರೆ. ಅದರ ಬದಲು ಹೀಗೆ ಬರೆಯಿರಿ: 'ಹಾಸ್ಟೆಲ್ ವೈಫೈಯಲ್ಲಿ ವ್ಯಾಲರಂಟ್ ಏಜೆಂಟ್ ಆಯ್ಕೆಯವರೆಗೆ ಬಂದು ಮ್ಯಾಪ್ ಲೋಡ್ ಆಗುವಲ್ಲಿ ನಿಲ್ಲುತ್ತದೆ, ಹಾಟ್‌ಸ್ಪಾಟ್‌ನಲ್ಲಿ ಸರಿಯಾಗಿ ಓಡುತ್ತದೆ. ಹಾಸ್ಟೆಲ್ ಬಳಕೆದಾರರಿಗೆ ಹೊರಹೋಗುವ ಯುಡಿಪಿ 7000ರಿಂದ 7500 ಮತ್ತು ಟಿಸಿಪಿ 5223 ಪೋರ್ಟ್‌ಗಳನ್ನು ರಾತ್ರಿ 8ರಿಂದ 11ರವರೆಗೆ ಬಿಡಲು ಸಾಧ್ಯವೇ? ಫೈರ್‌ವಾಲ್‌ನ ಅಪ್ಲಿಕೇಶನ್ ಫಿಲ್ಟರ್‌ನಲ್ಲಿ ಗೇಮ್ಸ್ ವರ್ಗ ಬಂದ್ ಆಗಿದ್ದರೆ ಅದನ್ನೂ ನೋಡಬೇಕಾಗಿ ವಿನಂತಿ.' ಕೊನೆಯ ಸಾಲು ಬಿಡಬೇಡಿ. ಆ ವರ್ಗ ಬಂದ್ ಇದ್ದರೆ ಪೋರ್ಟ್ ತೆರೆದರೂ ಆಟ ಬರುವುದಿಲ್ಲ. ಅರ್ಜಿಗೆ ವಾರ್ಡನ್ ಸಹಿ ಹಾಕಿಸಿ, ಹಾಸ್ಟೆಲ್ ಪ್ರತಿನಿಧಿಯ ಮೂಲಕ ಕಳಿಸಿ.