‘ಹೇಳಿದೆ’ ಬೇರೆ, ‘ಬಂತು’ ಬೇರೆ

ಸಾಗರದ ಹತ್ತಿರದ ಹಳ್ಳಿಯಲ್ಲಿ ಗೃಹಪ್ರವೇಶ ಇದೆ ಎಂದುಕೊಳ್ಳಿ. ದೊಡ್ಡಣ್ಣ ಊರಿನಲ್ಲೇ ಇದ್ದಾನೆ. ತಮ್ಮ ಬೆಂಗಳೂರಿನಲ್ಲಿ, ತಂಗಿ ಹುಬ್ಬಳ್ಳಿಯಲ್ಲಿ. ಚಿಕ್ಕಪ್ಪನ ಮಕ್ಕಳು ಇನ್ನೆಲ್ಲೋ. ಪುರೋಹಿತರು ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ಯಾರೋ ಟೈಪ್ ಮಾಡಿ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ತಂದವರು ಆ ಸಂದೇಶವನ್ನು ನಕಲು ಮಾಡಿ, ತಮ್ಮ ಸಾಮಾನಿನ ಮುಂದೆ ಟಿಕ್ ಹಾಕಿ, ಮತ್ತೆ ಕಳಿಸಬೇಕು.

ತಾಪತ್ರಯ ಶುರುವಾಗುವುದು ಇಲ್ಲೇ. ತಮ್ಮ ಪಟ್ಟಿಯನ್ನು ನಕಲು ಮಾಡಿ ದರ್ಭೆಗೆ ಟಿಕ್ ಹಾಕುತ್ತಿರುವ ಹೊತ್ತಿಗೇ ತಂಗಿಯೂ ಅದೇ ಹಳೆಯ ಪಟ್ಟಿಯನ್ನು ತೆಗೆದುಕೊಂಡು ತುಪ್ಪಕ್ಕೆ ಟಿಕ್ ಹಾಕುತ್ತಾಳೆ. ತಮ್ಮನದು ಮೊದಲು ಹೋಗುತ್ತದೆ, ತಂಗಿಯದು ಅದರ ಬೆನ್ನಿಗೇ. ಈಗ ಗುಂಪಿನ ಕೊನೆಯಲ್ಲಿ ಕಾಣುವುದು ತಂಗಿಯ ಪಟ್ಟಿ. ಅದರಲ್ಲಿ ದರ್ಭೆಗೆ ಟಿಕ್ ಇಲ್ಲ. ಮೂರನೆಯವರು ಅದನ್ನೇ ನಕಲು ಮಾಡಿ ಮುಂದುವರಿಸುತ್ತಾರೆ, ದೊಡ್ಡಣ್ಣ ಪೇಟೆಗೆ ಹೋಗಿ ದರ್ಭೆಯನ್ನು ಇನ್ನೊಮ್ಮೆ ಕೊಳ್ಳುತ್ತಾನೆ. ಯಾರದೂ ತಪ್ಪಲ್ಲ. ಪಟ್ಟಿ ಒಂದೇ ಆಗಿ ಉಳಿಯಲಿಲ್ಲ, ಅಷ್ಟೆ.

ಗೂಗಲ್ ಶೀಟ್ಸ್‌ನಂಥ ಹಂಚಿಕೆಯ ಹಾಳೆಯಲ್ಲಿ ನಕಲಿನ ಮಾತೇ ಇಲ್ಲ. ಎಲ್ಲರ ಫೋನಿನಲ್ಲೂ ತೆರೆಯುವುದು ಒಂದೇ ಹಾಳೆ. ಒಬ್ಬರು ದರ್ಭೆಗೂ ಇನ್ನೊಬ್ಬರು ತುಪ್ಪಕ್ಕೂ ಒಟ್ಟಿಗೇ ಟಿಕ್ ಹಾಕಿದರೆ ಎರಡೂ ಉಳಿಯುತ್ತವೆ. ಕಂಪ್ಯೂಟರಿನಲ್ಲಿ ಬೇಕಾದ ಮನೆಗಳನ್ನು ಆರಿಸಿ Insert > Checkbox ಒತ್ತಿದರೆ ಟಿಕ್ ಚೌಕಗಳು ಮೂಡುತ್ತವೆ. ಆಮೇಲೆ ಕೊಂಡಿಯನ್ನು ಗುಂಪಿಗೆ ಕಳಿಸಿ, ತಿದ್ದುವ ಅನುಮತಿ ಕೊಟ್ಟರಾಯಿತು.

ಆದರೆ ಹಾಳೆ ಒಂದಾದ ಮಾತ್ರಕ್ಕೆ ಗೊಂದಲ ತೀರುವುದಿಲ್ಲ. ‘ಬಾಳೆ ಎಲೆ’ ಎಂಬ ಸಾಲಿಗೆ ಟಿಕ್ ಬಿದ್ದಿದೆ. ಎಲೆಯವನಿಗೆ ಫೋನ್ ಮಾಡಿ ಹೇಳಿದ್ದಾಯಿತು ಎಂದು ಚಿಕ್ಕಪ್ಪನ ಮಗ ಹಾಕಿದ ಟಿಕ್ ಅದು. ಎಲೆ ಬಂದು ಬಿದ್ದಿದೆ ಎಂದು ದೊಡ್ಡಣ್ಣ ಓದಿಕೊಳ್ಳುತ್ತಾನೆ. ಬಡಿಸುವ ಹೊತ್ತಿನವರೆಗೂ ಇದು ಬಯಲಾಗದೆ ಇರಬಹುದು. ಹಾಗಾಗಿ ಒಂದು ಚೌಕ ಸಾಲದು. ಐದು ಕಾಲಂ ಬೇಕು: ವಸ್ತು, ಎಷ್ಟು, ಯಾರು, ಹೇಳಿದೆ, ಬಂತು. ‘ಯಾರು’ ಕಾಲಂನಲ್ಲಿ ಒಂದೇ ಹೆಸರಿರಬೇಕು. ಎರಡು ಹೆಸರಿದ್ದರೆ ಅವಳು ತರುತ್ತಾಳೆ ಎಂದು ಇವನು, ಇವನು ತರುತ್ತಾನೆ ಎಂದು ಅವಳು ಸುಮ್ಮನಾಗುತ್ತಾರೆ. ಸಾಲುಗಳೂ ಬಿಡಿಬಿಡಿಯಾಗಿರಬೇಕು. ‘ಪೂಜೆ ಸಾಮಾನು’ ಎಂದು ಒಂದೇ ಸಾಲು ಬರೆದರೆ ಸಮಿತ್ತು ಬಂದು ನವಧಾನ್ಯ ಬಾರದಿದ್ದಾಗ ಟಿಕ್ ಹಾಕಬೇಕೋ ಬೇಡವೋ ತಿಳಿಯುವುದಿಲ್ಲ.

‘ಹೇಳಿದೆ’ ಚೌಕಕ್ಕೆ ಆಯಾ ಹೆಸರಿನವರು ಟಿಕ್ ಹಾಕಲಿ. ‘ಬಂತು’ ಮಾತ್ರ ಉಗ್ರಾಣ ನೋಡಿಕೊಳ್ಳುವವರ ಕೆಲಸ. ಸಾಮಾನು ಎಣಿಸಿ ಒಳಗಿಡುವವರು ಅವರೇ ಆದ್ದರಿಂದ 220 ಎಲೆ ಹೇಳಿದ್ದಕ್ಕೆ 180 ಬಂದಿದ್ದರೆ ಅದು ಗೊತ್ತಾಗುವುದೂ ಅವರಿಗೇ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜ, ದೊಡ್ಡಮ್ಮ ಅವರಿಗೇ ಬಾಯಲ್ಲಿ ಹೇಳಿದರೆ ಸಾಕು.

40 ಸಾಮಾನಿನ ಪಟ್ಟಿಯಲ್ಲಿ ಇನ್ನೆಷ್ಟು ಬರಬೇಕು ಎಂಬುದನ್ನು ಹಾಳೆಯೇ ಎಣಿಸಿ ಹೇಳುತ್ತದೆ. ‘ಬಂತು’ ಎಂಬುದು E ಕಾಲಂ ಆಗಿದ್ದರೆ, ಬದಿಯ ಖಾಲಿ ಮನೆಯೊಂದರಲ್ಲಿ ಹೀಗೆ ಬರೆಯಬೇಕು:

```
=COUNTIF(E2:E41,FALSE)
```

ಟಿಕ್ ಬೀಳದ ಚೌಕವನ್ನು ಹಾಳೆ FALSE ಎಂದೇ ಇಟ್ಟುಕೊಂಡಿರುತ್ತದೆ. ಈ ಸೂತ್ರ ಅವನ್ನು ಲೆಕ್ಕ ಹಾಕುತ್ತದೆ. ಹಿಂದಿನ ರಾತ್ರಿ ಅದು ಸೊನ್ನೆಗೆ ಇಳಿಯುವುದಿಲ್ಲ. ಹಾಲು, ಬಿಡಿ ಹೂವು, ಮಾವಿನ ಸೊಪ್ಪು ಬರುವುದೇ ಬೆಳಗಿನ ಜಾವ. ಅವನ್ನು ಪಟ್ಟಿಯ ಕೊನೆಯಲ್ಲಿ ಒಟ್ಟಿಗೆ ಇಟ್ಟರೆ, ರಾತ್ರಿ ಅವುಗಳ ಆಚೆಗೆ ಏನಾದರೂ ಬಾಕಿ ಇದೆಯೇ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಫೋನಿನಲ್ಲಿ ಹಾಳೆ ಸರಿಸುವಾಗ ಬೆರಳು ತಾಗಿ ಟಿಕ್ ಬೀಳುವುದುಂಟು. ಅನುಮಾನ ಬಂದರೆ ಕಂಪ್ಯೂಟರಿನಲ್ಲಿ ಆ ಚೌಕದ ಮೇಲೆ ಬಲ ಗುಂಡಿ ಒತ್ತಿ Show edit history ನೋಡಬಹುದು. ಲಾಗಿನ್ ಆದವರು ಹಾಕಿದ್ದರೆ ಹೆಸರೂ ಸಮಯವೂ ಸಿಗುತ್ತವೆ. ಲಾಗಿನ್ ಆಗದೆ ಕೊಂಡಿಯಿಂದ ಬಂದವರ ಹೆಸರು ಸಿಗುವುದಿಲ್ಲ. ಯಾರೋ ಇಡೀ ಸಾಲನ್ನೇ ಅಳಿಸದಂತೆ Data ಮೆನುವಿನ Protect sheets and ranges ಬಳಸಿ, ಟಿಕ್ ಚೌಕಗಳನ್ನು ಬಿಟ್ಟು ಉಳಿದದ್ದಕ್ಕೆ ಬೀಗ ಹಾಕಬಹುದು.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಆಫ್‌ಲೈನ್‌ಗೆ ಇಟ್ಟುಕೊಂಡ ಹಾಳೆಯಲ್ಲಿ ಟಿಕ್ ಹಾಕಲು ಬರುತ್ತದೆ, ಆದರೆ ನೆಟ್‌ವರ್ಕ್ ಸಿಗುವವರೆಗೆ ಅದು ಉಳಿದವರಿಗೆ ಕಾಣುವುದಿಲ್ಲ. ಅಂಥ ಮನೆಗಳಲ್ಲಿ ಪಟ್ಟಿಯ ಮುದ್ರಿತ ಪ್ರತಿಯೊಂದನ್ನು ಉಗ್ರಾಣದ ಬಾಗಿಲಿಗೆ ಅಂಟಿಸಿ, ಸಂಜೆಗೊಮ್ಮೆ ಒಬ್ಬರೇ ಅದನ್ನು ಫೋನಿಗೆ ಏರಿಸುವುದು ಮೇಲು.

ಬಾಡಿಗೆ ಸಾಮಾನಿಗೆ ಇನ್ನೊಂದು ಕಾಲಂ ಸೇರಿಸಬೇಕಾಗುತ್ತದೆ: ‘ವಾಪಸು’. ಕೊಪ್ಪರಿಗೆ, ಸೌಟು, ಜಮಖಾನೆಗಳನ್ನು ಬಂದ ಲೆಕ್ಕದಲ್ಲೇ ಎಣಿಸಿ ಹಿಂದಿರುಗಿಸಬೇಕು. ಆ ಹೊತ್ತಿಗೆ ಬೆಂಗಳೂರಿನವರು ಬಸ್ ಹತ್ತಿರುತ್ತಾರೆ. ಎಲ್ಲಿಂದ ಎಷ್ಟು ತಂದದ್ದು ಎಂದು ದೊಡ್ಡಣ್ಣನಿಗೆ ಹಾಳೆಯೇ ಹೇಳಬೇಕು.