ಕ್ಯಾಲೆಂಡರ್ ಹೇಳಿದ ಮಾತು

ಮುಟ್ಟಾಗುವ ಮುಂಚೆ ಕೆಲವು ದಿನ ಮೈ ಭಾರ ಎನಿಸುತ್ತದೆ. ಹೊಟ್ಟೆ ಉಬ್ಬರಿಸುತ್ತದೆ. ಎದೆ ನೋಯುತ್ತದೆ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಸುಮ್ಮಸುಮ್ಮನೆ ಅಳು ಬರುತ್ತದೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋ ಸಂಗತಿ. ಡಾಕ್ಟರು ಇದನ್ನು ಪಿ.ಎಂ.ಎಸ್. ಎನ್ನುತ್ತಾರೆ. ಅಂದರೆ ಮುಟ್ಟಿನ ಮುಂಚಿನ ತೊಂದರೆ.

ಆದರೆ ಕೆಲವು ಹೆಣ್ಣುಮಕ್ಕಳಿಗೆ ಇದು ಇಷ್ಟಕ್ಕೇ ನಿಲ್ಲುವುದಿಲ್ಲ. ಅವರಿಗೆ ಬದುಕೇ ಬೇಡ ಎನಿಸುತ್ತದೆ. ಮುಟ್ಟಾದ ಮೇಲೆ ಮತ್ತೆ ಮೊದಲಿನಂತೆ ಆಗುತ್ತಾರೆ. ಇದು ಬೇರೆ ಕಾಯಿಲೆ. ಇದರ ಹೆಸರು ಪಿ.ಎಂ.ಡಿ.ಡಿ. ಮುಟ್ಟಾಗುವ ಹೆಂಗಸರಲ್ಲಿ ನೂರಕ್ಕೆ ಕೆಲವರಿಗೆ ಮಾತ್ರ ಇದು ಬರುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರು ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಬೇರೆ ಜಾಗವನ್ನೇ ಕೊಟ್ಟರು.

ಯಾವುದು ಬರೀ ತೊಂದರೆ, ಯಾವುದು ಕಾಯಿಲೆ? ತಿಳಿಯುವುದು ಹೇಗೆ? ಒಂದು ಉದಾಹರಣೆ ನೋಡೋಣ.

ಅಕ್ಕ ತಂಗಿಯರ ಕಥೆ

ತುಮಕೂರಿನ ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಎಂದುಕೊಳ್ಳೋಣ. ಅಕ್ಕನನ್ನು ಗುಬ್ಬಿಗೆ ಕೊಟ್ಟಿದೆ. ತಂಗಿಯನ್ನು ಕುಣಿಗಲ್‌ಗೆ ಕೊಟ್ಟಿದೆ. ಹಬ್ಬಕ್ಕೆ ಇಬ್ಬರೂ ತವರಿಗೆ ಬಂದಿದ್ದಾರೆ.

"ಅಕ್ಕಾ, ಹೊರಗಾಗೋಕೆ ಮುಂಚೆ ನಂಗೆ ಏನೋ ಆಗುತ್ತೆ. ಮಗು ಅತ್ತರೆ ಹೊಡೆದುಬಿಡ್ತೀನಿ. ಆಮೇಲೆ ನಾನೇ ಅಳ್ತೀನಿ. ಬಾವಿ ಹತ್ತಿರ ಹೋಗೋಕೆ ಹೆದರಿಕೆ ಆಗುತ್ತೆ. ಅತ್ತೆ ಗಾಳಿ ಸೋಕಿದೆ ಅಂತಾರೆ" ಎಂದಳು ತಂಗಿ.

"ನಂಗೂ ಸಿಟ್ಟು ಬರುತ್ತೆ ಕಣೇ. ಎಲ್ಲಾರ್ಗೂ ಇದ್ದದ್ದೇ, ಸಹಿಸ್ಕೋಬೇಕು" ಎಂದಳು ಅಕ್ಕ.

ಆದರೆ ತಂಗಿಯ ಬಾವಿಯ ಮಾತು ಅಕ್ಕನಿಗೆ ಚುಚ್ಚಿತು. ಮಾರನೆಯ ದಿನ ಅವಳೇ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎಲ್ಲಾ ಕೇಳಿದರು. ರಕ್ತಹೀನತೆ ಇದೆಯಾ, ಥೈರಾಯ್ಡ್ ತೊಂದರೆ ಇದೆಯಾ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಎರಡೂ ಇರಲಿಲ್ಲ.

"ಸಾಯಬೇಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ತಕ್ಷಣ ಬನ್ನಿ. ಮನೆಯವರು ಜೊತೆಗಿರಲಿ. ಈಗ ಇಬ್ಬರೂ ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತನ್ನಿ" ಎಂದರು.

ಗುರುತು ಹಾಕುವುದು ಹೇಗೆ?

ಮುಟ್ಟಾದ ದಿನಗಳಿಗೆ ಸುತ್ತು ಹಾಕಬೇಕು. ದಿನಾ ರಾತ್ರಿ ಮಲಗುವ ಮುಂಚೆ ಆ ದಿನದ ಚೌಕದಲ್ಲಿ ಒಂದು ಅಂಕಿ ಬರೆಯಬೇಕು. ಮನಸ್ಸು ಚೆನ್ನಾಗಿದ್ದರೆ 0. ಸ್ವಲ್ಪ ಬೇಸರ, ಸಿಟ್ಟು ಇದ್ದರೆ 1. ಜಾಸ್ತಿ ಇದ್ದರೂ ಕೆಲಸ ನಡೆದರೆ 2. ಕೆಲಸ ನಿಂತರೆ, ಮನೆಯಲ್ಲಿ ಜಗಳವಾದರೆ, ಬದುಕು ಬೇಡ ಎನಿಸಿದರೆ 3.

ಅವತ್ತಿನದನ್ನು ಅವತ್ತೇ ಬರೆಯಬೇಕು. ತಿಂಗಳಾದ ಮೇಲೆ ನೆನಪು ಮಾಡಿಕೊಂಡು ಬರೆದರೆ ತಪ್ಪಾಗುತ್ತದೆ. ಕಷ್ಟದ ದಿನಗಳು ನೆನಪಿರುತ್ತವೆ, ನೆಮ್ಮದಿಯ ದಿನಗಳು ಮರೆತುಹೋಗುತ್ತವೆ. ಒಂದೇ ತಿಂಗಳ ಲೆಕ್ಕವೂ ಸಾಲದು. ಆ ತಿಂಗಳು ಸಾಲದ ಚಿಂತೆ ಇದ್ದಿರಬಹುದು, ಮಗುವಿಗೆ ಜ್ವರ ಬಂದಿರಬಹುದು.

ತಂಗಿಯ ಕ್ಯಾಲೆಂಡರ್ ಹೀಗಿತ್ತು. ಮೊದಲ ತಿಂಗಳು 3ನೇ ತಾರೀಖು ಮುಟ್ಟಾದಳು. 6ರಿಂದ 19ರವರೆಗೆ ಬರೀ 0. 20ರಂದು 1. ಮುಂದೆರಡು ದಿನ 2. 23ರಿಂದ 30ರವರೆಗೆ ದಿನಾ 3. 31ರಂದು ಮತ್ತೆ ಮುಟ್ಟು. ಎರಡು ದಿನದಲ್ಲಿ ಅಂಕಿ 1ಕ್ಕೆ ಇಳಿಯಿತು, ಆಮೇಲೆ 0. ಎರಡನೆಯ ತಿಂಗಳು 20ರಿಂದ 27ರವರೆಗೆ ಮತ್ತೆ 3. 28ರಂದು ಮುಟ್ಟು. ಮತ್ತೆ ಇಳಿಯಿತು.

ಅಕ್ಕನ ಕ್ಯಾಲೆಂಡರಿನಲ್ಲಿ ಮುಟ್ಟಿನ ಹಿಂದಿನ ಮೂರು ದಿನ 1, ಒಂದು ದಿನ 2. ಎರಡು ತಿಂಗಳಲ್ಲಿ ಒಂದು 3 ಕೂಡ ಇಲ್ಲ.

ಡಾಕ್ಟರಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. "ನೋಡಮ್ಮಾ, ಅಕ್ಕನದು ಪಿ.ಎಂ.ಎಸ್. ನಿನ್ನದು ಪಿ.ಎಂ.ಡಿ.ಡಿ. ಗಾಳಿಯೂ ಅಲ್ಲ, ಕೆಟ್ಟ ಗುಣವೂ ಅಲ್ಲ" ಎಂದರು.

ಇಲ್ಲಿ ನಾವು ಮೂರು ವಿಷಯ ಗಮನಿಸಬೇಕು. ಮೊದಲನೆಯದು, ಮನಸ್ಸಿನ ತೊಂದರೆಯೇ ಮುಂದಿದೆ. ಬರೀ ಮೈಕೈ ನೋವು, ಹೊಟ್ಟೆ ಉಬ್ಬರ ಇದ್ದರೆ ಅದು ಪಿ.ಎಂ.ಡಿ.ಡಿ. ಅಲ್ಲ. ಎರಡನೆಯದು, ಅದು ಮನೆ, ಕೆಲಸ, ಸಂಬಂಧ ಕೆಡಿಸುವಷ್ಟು ಜೋರಾಗಿದೆ. ಮೂರನೆಯದು, ಮುಟ್ಟು ಮುಗಿದ ಮೇಲಿನ ವಾರ ನೆಮ್ಮದಿಯಾಗಿದೆ.

ಮೂರನೆಯದನ್ನು ಮರೆಯಬಾರದು. ತಿಂಗಳಿಡೀ 2, 3 ಇದ್ದು, ಮುಟ್ಟಿನ ಮುಂಚೆ ಇನ್ನೂ ಜಾಸ್ತಿ ಆದರೆ ಅದು ಬೇರೆ. ಅದು ಮನಸ್ಸಿನ ಖಿನ್ನತೆ ಇರಬಹುದು. ಮನೆಯಲ್ಲಿ ಹೊಡೆತ, ಬಡಿತ ಇರಬಹುದು. ಅದಕ್ಕೆ ಬೇರೆ ದಾರಿ ಹುಡುಕಬೇಕು.

ಯಾಕೆ ಹೀಗಾಗುತ್ತದೆ?

ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡಾಶಯದಿಂದ ಅಂಡ ಹೊರಬರುತ್ತದೆ. ಆಮೇಲೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಏರಿ ಇಳಿಯುತ್ತವೆ. ಇದು ಅಕ್ಕನಲ್ಲೂ ಆಗುತ್ತದೆ, ತಂಗಿಯಲ್ಲೂ ಆಗುತ್ತದೆ. ತಂಗಿಯ ಹಾರ್ಮೋನು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆದರೆ ಆ ಏರಿಳಿತವನ್ನು ಅವಳ ಮಿದುಳು ತಡೆಯುವುದಿಲ್ಲ. ಆದ್ದರಿಂದ ಹಾರ್ಮೋನಿನ ರಕ್ತ ಪರೀಕ್ಷೆಯಲ್ಲಿ ಈ ಕಾಯಿಲೆ ಕಾಣುವುದಿಲ್ಲ. ಕ್ಯಾಲೆಂಡರಿನಲ್ಲಿ ಕಾಣುತ್ತದೆ.

"ಗರ್ಭಕೋಶ ತೆಗೆಸಿಬಿಡು, ಎಲ್ಲಾ ಸರಿಹೋಗುತ್ತೆ" ಎನ್ನುವವರಿದ್ದಾರೆ. ಇದು ತಪ್ಪು. ಬರೀ ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ. ಆದರೆ ಅಂಡಾಶಯ ಒಳಗೇ ಇರುತ್ತದೆ, ಹಾರ್ಮೋನುಗಳು ಏರಿಳಿಯುತ್ತಲೇ ಇರುತ್ತವೆ. ಕಾಯಿಲೆ ಉಳಿಯುತ್ತದೆ.

ಔಷಧಿ ಏನು?

ಅಕ್ಕನಿಗೆ ಮಾತ್ರೆ ಬೇಕಾಗಲಿಲ್ಲ. ಆ ಮೂರು ದಿನ ಕೆಲಸ ಹಗುರ ಮಾಡಿಕೊಂಡಳು, ನಿದ್ದೆ ಕೆಡಿಸಿಕೊಳ್ಳಲಿಲ್ಲ. ಅಷ್ಟು ಸಾಕಾಯಿತು.

ತಂಗಿಗೆ ಡಾಕ್ಟರಮ್ಮ ಸರ್ಟ್ರಲಿನ್ ಎಂಬ ಮಾತ್ರೆ ಬರೆದರು. ಫ್ಲುಯಾಕ್ಸೆಟಿನ್ ಎಂಬುದೂ ಇದೇ ಜಾತಿಯ ಮಾತ್ರೆ. ಇವು ನಿದ್ದೆ ಮಾತ್ರೆ ಅಲ್ಲ. ಖಿನ್ನತೆಗೆ ಇವನ್ನು ಕೊಟ್ಟಾಗ ಗುಣ ಕಾಣಲು ಕೆಲವು ವಾರ ಬೇಕು. ಪಿ.ಎಂ.ಡಿ.ಡಿ.ಯಲ್ಲಿ ಕೆಲವೇ ದಿನದಲ್ಲಿ ಗುಣ ಕಾಣಬಹುದು. ಅದಕ್ಕೇ ಕೆಲವರಿಗೆ ಮುಟ್ಟಿನ ಮುಂಚಿನ 14 ದಿನ ಮಾತ್ರ ಕೊಡುತ್ತಾರೆ. ಕೆಲವರಿಗೆ ದಿನಾ ಕೊಡುತ್ತಾರೆ. ಅದನ್ನು ಡಾಕ್ಟರೇ ನಿರ್ಧರಿಸಬೇಕು. ಮೊದಮೊದಲು ವಾಕರಿಕೆ, ತಲೆನೋವು ಬರಬಹುದು. ಬಸುರಿ ಆಗಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಬೇಕು. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬಾರದು. ಎಲ್ಲರಿಗೂ ಮೊದಲ ಮಾತ್ರೆಯೇ ಹಿಡಿಸುವುದಿಲ್ಲ. ಆಗ ಬೇರೆ ಮಾತ್ರೆ ಕೊಡುತ್ತಾರೆ.

ತಂಗಿ ಕ್ಯಾಲೆಂಡರ್ ಬರೆಯುವುದನ್ನು ಬಿಡಲಿಲ್ಲ. ಮಾತ್ರೆ ಶುರುವಾದ ಎರಡನೆಯ ತಿಂಗಳು 3 ಬರಲಿಲ್ಲ. ನಾಲ್ಕು ದಿನ 2, ಉಳಿದದ್ದು 1. ಪೂರ್ತಿ ಹೋಗಲಿಲ್ಲ, ಆದರೆ ಬಾವಿಯ ಹೆದರಿಕೆ ಹೋಯಿತು. ಅತ್ತೆಯೂ ಕ್ಯಾಲೆಂಡರ್ ನೋಡಲು ಕಲಿತರು. "ಇವತ್ತು ಇಪ್ಪತ್ತನೇ ತಾರೀಖು. ಮಗೂನ ನಾನು ನೋಡ್ಕೋತೀನಿ, ನೀನು ಮಲಕ್ಕೋ" ಎನ್ನುತ್ತಾರೆ.

ಎಲ್ಲಿಗೆ ಹೋಗಬೇಕು?

ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಬಹುದು. ಹೋಗುವಾಗ ಕ್ಯಾಲೆಂಡರ್ ಕೈಯಲ್ಲಿರಲಿ. ಸಾಯುವ ಯೋಚನೆ ಬಂದರೆ ಹಗಲಾಗಲಿ, ರಾತ್ರಿಯಾಗಲಿ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾಯಿತು. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ.