ಪ್ರೊಬೇಷನ್ ಮುಗಿದಿಲ್ಲವೆಂದರೆ ಹಕ್ಕೂ ಇಲ್ಲವೇ?

ಮೈಸೂರಿನ ಮನೆಯಿಂದಲೇ ಅಮೆರಿಕದ ಕಂಪನಿಯೊಂದಕ್ಕೆ ದುಡಿಯುವ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ನೇಮಕಾತಿ ಪತ್ರ ಕೊಟ್ಟು ಸಂಬಳ ಹಾಕುವುದು ಬೆಂಗಳೂರಿನ ಒಂದು ಮಧ್ಯವರ್ತಿ ಸಂಸ್ಥೆ. ಸಂಬಳ ತಿಂಗಳಿಗೆ 1,20,000 ರೂಪಾಯಿ. ಪ್ರೊಬೇಷನ್ ಒಂಬತ್ತು ತಿಂಗಳು, ಆ ಅವಧಿಯಲ್ಲಿ ಏಳು ದಿನದ ನೋಟಿಸ್ ಸಾಕು ಎಂದು ಪತ್ರದಲ್ಲಿದೆ. ಎಂಟನೇ ತಿಂಗಳಲ್ಲಿ ಕಾರಣ ಹೇಳದೆ ಏಳು ದಿನದ 28,000 ರೂಪಾಯಿ ಕೊಟ್ಟು ಕೆಲಸದಿಂದ ತೆಗೆದರು.

1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ನೋಡುವುದು ಸೇವೆಯ ಅವಧಿಯನ್ನು. ಸತತ ಆರು ತಿಂಗಳು ದುಡಿದವರನ್ನು ತೆಗೆಯಲು ಸಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಬೇಕು. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ಮಾತ್ರ ನೋಟಿಸ್ ಬೇಕಿಲ್ಲ. ಹಾಗಾಗಿ ಪ್ರೊಬೇಷನ್ ಪತ್ರವೇ ಕೊನೆಯ ಮಾತಲ್ಲ. ಉಳಿದ 92,000 ರೂಪಾಯಿಯನ್ನು ಅವರು ಕೇಳಬಹುದು, ಸಕಾರಣವಿಲ್ಲವೆಂದು ಕಾಯ್ದೆಯಡಿಯ ಪ್ರಾಧಿಕಾರಕ್ಕೆ ಮೇಲ್ಮನವಿಯನ್ನೂ ಸಲ್ಲಿಸಬಹುದು. ಮೇಲ್ಮನವಿಗೆ ಗಡುವಿದೆ, ತಡಮಾಡಬಾರದು. ಆಡಳಿತ ನಿರ್ವಹಣೆಯ ಹುದ್ದೆಯಲ್ಲಿರುವವರಿಗೆ ಈ ರಕ್ಷಣೆ ಇಲ್ಲ.

ಆ ಬೆಂಗಳೂರಿನ ಸಂಸ್ಥೆ ನಡುವೆ ಇರದಿದ್ದರೆ ಚಿತ್ರವೇ ಬೇರೆ. ವಿದೇಶಿ ಕಂಪನಿಗೆ ಇಲ್ಲಿ ಕಚೇರಿಯಿಲ್ಲದೆ, ಕೆಲಸಗಾರರನ್ನು ‘ಸ್ವತಂತ್ರ ಗುತ್ತಿಗೆದಾರ’ರೆಂದು ಬರೆಸಿಕೊಂಡಿದ್ದರೆ ಒಪ್ಪಂದದ ಷರತ್ತುಗಳೇ ಮುಖ್ಯ ಆಧಾರ. ಇಲ್ಲಿನ ನ್ಯಾಯಾಲಯದಲ್ಲಿ ಗೆದ್ದರೂ ಆ ಡಿಕ್ರಿ ಅಮೆರಿಕದಲ್ಲಿ ನೇರವಾಗಿ ಜಾರಿಯಾಗುವುದಿಲ್ಲ. ಅಲ್ಲಿ ಮತ್ತೆ ದಾವೆ ಹೂಡಬೇಕು, ಅದರ ಖರ್ಚೇ ಬಾಕಿಯನ್ನು ಮೀರಬಹುದು. ಸಹಿ ಹಾಕುವ ಮುನ್ನ ನಾನು ಮೊದಲು ನೋಡಿ ಎನ್ನುವುದು ಸಂಬಳದ ಅಂಕಿಯನ್ನಲ್ಲ, ಉದ್ಯೋಗದಾತ ಎಂದು ಬರೆದಿರುವ ಹೆಸರು ಮತ್ತು ವಿಳಾಸವನ್ನು.